ವರದಿಯಲ್ಲಿ ಪೊಟ್ಯಾಷ್ ‘ಹೆಚ್ಚು’, ಹತ್ತಿಯ ಎಲೆಯಲ್ಲಿ ಕೊರತೆ: ಎರೆ ಮಣ್ಣಿನ ಪದರಗಳೊಳಗೆ ಏನಾಗುತ್ತದೆ?

ಪ್ರಶ್ನೆ: ನಮಗೆ ಹಾವೇರಿ ಜಿಲ್ಲೆಯಲ್ಲಿ ಎರಡು ಹೊಲಗಳಿವೆ. ಎರೆ ಹೊಲದ ಮಣ್ಣು ಪರೀಕ್ಷೆಯಲ್ಲಿ ಲಭ್ಯ ಪೊಟ್ಯಾಷ್ ಹೆಕ್ಟೇರಿಗೆ 430 ಕೆ.ಜಿ., ‘ಹೆಚ್ಚು’ ಎಂದು ಬಂದಿದೆ. ಮಸಾರಿ ಹೊಲದಲ್ಲಿ 190, ‘ಮಧ್ಯಮ’. ಆದರೆ ಕಾಯಿ ಕಟ್ಟುವ ಹೊತ್ತಿಗೆ ಎರೆ ಹೊಲದ ಹತ್ತಿಯಲ್ಲೇ ಎಲೆಯಂಚು ಸುಡುತ್ತದೆ, ಮಸಾರಿಯಲ್ಲಿ ಹಾಗಾಗುವುದಿಲ್ಲ. ಕಳೆದ ವರ್ಷ ಎರೆಗೆ ಎಕರೆಗೆ 40 ಕೆ.ಜಿ. ಎಂಒಪಿ ಎರಚಿದೆ. ಈ ವರ್ಷದ ವರದಿಯಲ್ಲಿ ಅಂಕಿ ಕದಲಿಲ್ಲ. ಗೊಬ್ಬರದ ಅಂಗಡಿಯವರು ಇನ್ನೂ ಹಾಕಿ ಎನ್ನುತ್ತಾರೆ, ವರದಿ ಬೇಡ ಎನ್ನುತ್ತದೆ. ಯಾರನ್ನು ನಂಬಲಿ ಸರ್?

ಉತ್ತರ: ಪ್ರಯೋಗಾಲಯದ ಅಳತೆ ತಪ್ಪಿರಬೇಕೆಂದೇನೂ ಇಲ್ಲ. 430 ಎಂಬುದು ಸರಿಯಾದ ಅಂಕಿಯೇ ಆಗಿದ್ದು, ಅದಕ್ಕೆ ಅಂಟಿಸಿದ ‘ಹೆಚ್ಚು’ ಎಂಬ ಮಾತು ಮಾತ್ರ ನಿಮ್ಮ ಎರೆ ಮಣ್ಣಿಗೆ ಹೊಂದದೆ ಇರಬಹುದು. ಕಡಿಮೆ, ಮಧ್ಯಮ, ಹೆಚ್ಚು ಎಂಬ ಗಡಿಗಳನ್ನು ಎಲ್ಲ ಬಗೆಯ ಮಣ್ಣಿಗೂ ಒಂದೇ ಸಮ ಹಚ್ಚುವುದು ನಮ್ಮಲ್ಲಿ ನಡೆದುಬಂದ ರೂಢಿ. ಪೊಟ್ಯಾಸಿಯಂ ವಿಷಯದಲ್ಲಿ ಈ ರೂಢಿ ರೈತರಿಗೆ ಮಾಡುವಷ್ಟು ನಷ್ಟವನ್ನು ಬೇರೆ ಯಾವ ಪೋಷಕಾಂಶದಲ್ಲೂ ಮಾಡುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲು ನಿಮ್ಮ ಎರಡು ಅಂಕಿಗಳನ್ನು ಬಿಡಿಸಿ ನೋಡೋಣ. ವರದಿಯಲ್ಲಿ ಕೊಡುವುದು ಸಾಮಾನ್ಯವಾಗಿ ಪೊಟ್ಯಾಷ್ ಲೆಕ್ಕ, ಅಂದರೆ K₂O. ನಿಮ್ಮದರಲ್ಲೂ ಹಾಗೆಯೇ ಇದೆಯೇ ಎಂದು ಒಮ್ಮೆ ಖಚಿತಪಡಿಸಿಕೊಳ್ಳಿ, ಏಕೆಂದರೆ ಕೆಲವು ಕಡೆ ಬರಿಯ ಪೊಟ್ಯಾಸಿಯಂ ಲೆಕ್ಕವನ್ನೇ ಬರೆಯುತ್ತಾರೆ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 22.4 ಲಕ್ಷ ಕೆ.ಜಿ. ತೂಗುತ್ತದೆ ಎಂದು ಹಿಡಿಯುವುದು ವಾಡಿಕೆ. ಆ ಪ್ರಕಾರ 430ನ್ನು 2.24ರಿಂದ, ಮತ್ತೆ ಪೊಟ್ಯಾಷನ್ನು ಪೊಟ್ಯಾಸಿಯಂ ಲೆಕ್ಕಕ್ಕೆ ತರಲು 1.2ರಿಂದ ಭಾಗಿಸಿದರೆ ಎರೆಯಲ್ಲಿ ಪ್ರತಿ ಕೆ.ಜಿ. ಮಣ್ಣಿಗೆ ಸುಮಾರು 160 ಮಿಲಿಗ್ರಾಂ ಪೊಟ್ಯಾಸಿಯಂ ಸಿಗುತ್ತದೆ. ಮಸಾರಿಯಲ್ಲಿ ಇದೇ ಲೆಕ್ಕಕ್ಕೆ 71 ಮಿಲಿಗ್ರಾಂ. ಇಲ್ಲಿಯವರೆಗೆ ಎರೆಯೇ ಮುಂದು.

ಆದರೆ ಬೇರಿಗೆ ಬೇಕಾದದ್ದು ಮಣ್ಣಿನ ನೀರಿನಲ್ಲಿ ಕರಗಿ ತನ್ನ ಕಡೆಗೆ ಸರಿದು ಬರುವ ಪೊಟ್ಯಾಸಿಯಂ. ಆ ನೀರಿನಲ್ಲಿ ಎಷ್ಟಿರುತ್ತದೆ ಎಂಬುದು ಒಟ್ಟು ಮೊತ್ತಕ್ಕಿಂತ ಹೆಚ್ಚಾಗಿ, ಜೇಡಿಯ ಮೇಲಿರುವ ಸ್ಥಾನಗಳಲ್ಲಿ ಎಷ್ಟು ಪಾಲನ್ನು ಪೊಟ್ಯಾಸಿಯಂ ಹಿಡಿದಿದೆ ಎಂಬುದನ್ನು ಅವಲಂಬಿಸಿದೆ. ಒಳ್ಳೆಯ ಎರೆ ಮಣ್ಣಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಮುಂತಾದ ಅಯಾನುಗಳನ್ನು ಹಿಡಿಯುವ ಸಾಮರ್ಥ್ಯ, ಅಂದರೆ ಸಿಇಸಿ, ಕೆ.ಜಿ.ಗೆ 50 ಸೆಂಟಿಮೋಲ್‌ನಷ್ಟಿರಬಹುದು. ಹಗುರವಾದ ಮಸಾರಿಯಲ್ಲಿ ಅದು 8 ಎಂದು ಹಿಡಿಯೋಣ. ಒಂದು ಸೆಂಟಿಮೋಲ್ ಪೊಟ್ಯಾಸಿಯಂ ಎಂದರೆ 391 ಮಿಲಿಗ್ರಾಂ. ಲೆಕ್ಕ ಹಾಕಿದರೆ ಎರೆಯ ಸ್ಥಾನಗಳಲ್ಲಿ ಪೊಟ್ಯಾಸಿಯಂ ಕೂತಿರುವುದು ನೂರಕ್ಕೆ 0.8ರಷ್ಟರಲ್ಲಿ ಮಾತ್ರ, ಮಸಾರಿಯಲ್ಲಿ ನೂರಕ್ಕೆ 2.3ರಷ್ಟರಲ್ಲಿ. ನಿಮ್ಮ ‘ಮಧ್ಯಮ’ ಹೊಲದ ಜೇಡಿ ನಿಮ್ಮ ‘ಹೆಚ್ಚು’ ಹೊಲದ ಜೇಡಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಪೊಟ್ಯಾಸಿಯಂ ತುಂಬಿಕೊಂಡಿದೆ. ಎರೆಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳದ್ದೇ ರಾಜ್ಯ. ನಿಮ್ಮ ಕಣ್ಣಿಗೆ ಬಿದ್ದ ವಿರೋಧಾಭಾಸದ ಅರ್ಧ ಪಾಲು ಇಷ್ಟರಲ್ಲೇ ಬಗೆಹರಿಯುತ್ತದೆ.

ಉಳಿದರ್ಧ ಸ್ಥಿರೀಕರಣದ್ದು. ಎರಚಿದ ಎಂಒಪಿ ಎಲ್ಲಿ ಹೋಗಿರಬಹುದು ಎಂಬುದಕ್ಕೆ ಉತ್ತರವೂ ಅಲ್ಲೇ ಇದೆ.

ಜೇಡಿಯ ಖನಿಜಗಳು ಒಂದರ ಮೇಲೊಂದು ಪೇರಿಸಿದ ರೊಟ್ಟಿಗಳಂತೆ ಪದರ ಪದರವಾಗಿರುತ್ತವೆ. ಎರೆ ಮಣ್ಣಿನ ಮುಖ್ಯ ಖನಿಜ ಸ್ಮೆಕ್ಟೈಟ್. ಅದರ ಜೊತೆಗೆ ಅಭ್ರಕ, ಅಭ್ರಕ ಶಿಥಿಲವಾಗಿ ಹುಟ್ಟಿದ ಇಲ್ಲೈಟ್ ಮತ್ತು ವರ್ಮಿಕ್ಯುಲೈಟ್ ಸ್ವಲ್ಪ ಸ್ವಲ್ಪ ಇರುತ್ತವೆ. ಈ ಎಲ್ಲ ಪದರಗಳ ಮೈಮೇಲೂ ಋಣ ವಿದ್ಯುದಂಶವಿರುವುದರಿಂದ ಧನ ಅಯಾನುಗಳು ಪದರಗಳ ನಡುವೆ ಬಂದು ಕೂರುತ್ತವೆ. ಕ್ಯಾಲ್ಸಿಯಂ ತನ್ನ ಸುತ್ತಲಿನ ನೀರಿನ ಅಣುಗಳನ್ನು ಬಿಡದೆ ಒಳಗೆ ಬರುತ್ತದೆ, ಆದ್ದರಿಂದ ಪದರಗಳು ತೆರೆದೇ ಇರುತ್ತವೆ. ಪೊಟ್ಯಾಸಿಯಂ ಹಾಗಲ್ಲ. ಅದು ತನ್ನ ನೀರನ್ನು ಸುಲಭವಾಗಿ ಕಳಚಿಡುತ್ತದೆ. ನೀರು ಕಳಚಿದ ಮೇಲೆ ಅದರ ತ್ರಿಜ್ಯ 0.133 ನ್ಯಾನೋಮೀಟರ್. ಪದರದ ಮೇಲ್ಮೈಯಲ್ಲಿ ಆಮ್ಲಜನಕದ ಪರಮಾಣುಗಳು ಉಂಗುರವಾಗಿ ಕೂಡಿದಲ್ಲಿ ಇರುವ ಕುಳಿ ಹೆಚ್ಚುಕಡಿಮೆ ಇದೇ ಅಳತೆಯದು. ಮೇಲಿನ ಪದರದ ಕುಳಿಗೂ ಕೆಳಗಿನ ಪದರದ ಕುಳಿಗೂ ನಡುವೆ ಪೊಟ್ಯಾಸಿಯಂ ಸಿಕ್ಕಿಕೊಂಡಾಗ ಪದರಗಳು ಬಿಗಿದು ಮುಚ್ಚಿಕೊಳ್ಳುತ್ತವೆ. ವರ್ಮಿಕ್ಯುಲೈಟ್‌ನಲ್ಲಿ 1.4 ನ್ಯಾನೋಮೀಟರ್ ಇದ್ದ ಅಂತರ 1.0ಕ್ಕೆ ಕುಸಿಯುವುದನ್ನು ಎಕ್ಸ್-ರೇ ಯಂತ್ರದಲ್ಲಿ ನೇರವಾಗಿ ಕಾಣಬಹುದು. ಹಾಗೆ ಮುಚ್ಚಿದ ಮೇಲೆ ಒಳಗಿನ ಪೊಟ್ಯಾಸಿಯಂ ಹೊರಗಿನ ಅಯಾನಿನೊಂದಿಗೆ ಸ್ಥಳ ಬದಲಿಸಲಾರದು. ಇದನ್ನೇ ಸ್ಥಿರೀಕರಣ ಎನ್ನುವುದು.

ಎಲ್ಲ ಖನಿಜಗಳೂ ಹೀಗೆ ಮಾಡುವುದಿಲ್ಲ. ಮಸಾರಿಯ ಮುಖ್ಯ ಜೇಡಿಯಾದ ಕೆಯೊಲಿನೈಟ್‌ನ ಪದರಗಳು ತಾವೇ ಬಿಗಿಯಾಗಿ ಅಂಟಿಕೊಂಡಿರುತ್ತವೆ, ಪೊಟ್ಯಾಸಿಯಂಗೆ ಒಳಗೆ ಜಾಗವೇ ಇಲ್ಲ. ವಿದ್ಯುದಂಶ ಹೆಚ್ಚಿರುವ ವರ್ಮಿಕ್ಯುಲೈಟ್ ಎಲ್ಲಕ್ಕಿಂತ ದೊಡ್ಡ ಹಿಡಿತಗಾರ, ಒದ್ದೆ ಇದ್ದಾಗಲೂ ಹಿಡಿಯುತ್ತದೆ. ಸ್ಮೆಕ್ಟೈಟ್‌ನ ವಿದ್ಯುದಂಶ ಕಡಿಮೆ, ಆದ್ದರಿಂದ ಅದು ಒದ್ದೆಯಲ್ಲಿ ಅಷ್ಟಾಗಿ ಹಿಡಿಯುವುದಿಲ್ಲ. ಆದರೆ ಒಣಗಿ, ಮತ್ತೆ ನೆನೆದು, ಮತ್ತೆ ಒಣಗಿದಂತೆಲ್ಲ ಕೆಲವು ಬಗೆಯ ಸ್ಮೆಕ್ಟೈಟ್ ಕೂಡ ಹಿಡಿಯತೊಡಗುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಹೊಲದಲ್ಲಿ ಈ ಒಣಗು-ನೆನೆಯ ಆಟಕ್ಕೆ ಕೊರತೆಯಿಲ್ಲ. ಭಾರತದ ಎರೆ ಮಣ್ಣುಗಳಲ್ಲಿ ನಿಜವಾದ ಹಿಡಿತಗಾರ ಯಾರು ಎಂಬುದರ ಬಗ್ಗೆ ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆಯಲ್ಲಿ ಡಿ.ಕೆ. ಪಾಲ್ ಮತ್ತು ಅವರ ಸಂಗಡಿಗರು ಬಹಳ ಕೆಲಸ ಮಾಡಿದ್ದಾರೆ. ಸ್ಮೆಕ್ಟೈಟ್‌ಗಿಂತ ಅದರ ಜೊತೆ ಅಲ್ಪ ಪ್ರಮಾಣದಲ್ಲಿರುವ ವರ್ಮಿಕ್ಯುಲೈಟ್‌ನತ್ತ ಅವರು ಬೆರಳು ತೋರಿಸಿದರು. ಹಾಗಾಗಿ ‘ಕಪ್ಪು ಮಣ್ಣೆಂದರೆ ಪೊಟ್ಯಾಷ್ ಹಿಡಿಯುತ್ತದೆ’ ಎಂದು ಸಾರಾಸಗಟಾಗಿ ಹೇಳುವುದೂ ತಪ್ಪು. ನಿಮ್ಮ ಭಾಗದ ಎರೆಯಲ್ಲಿ ಬೇರೆ ಬೇರೆ ಶಿಲೆಗಳಿಂದ ಹುಟ್ಟಿದ ಮಣ್ಣುಗಳಿವೆ. ಒಂದು ಹೊಲ ಹಾಕಿದ್ದರಲ್ಲಿ ಅರ್ಧವನ್ನು ನುಂಗಬಹುದು, ಪಕ್ಕದ್ದು ಏನನ್ನೂ ನುಂಗದಿರಬಹುದು.

ಇನ್ನು ಪ್ರಯೋಗಾಲಯದ ಕೆಲಸಕ್ಕೆ ಬರೋಣ. ನಮ್ಮಲ್ಲಿ ಎಲ್ಲೆಡೆ ಬಳಸುವುದು ಅಮೋನಿಯಂ ಅಸಿಟೇಟ್ ದ್ರಾವಣ. ಐದು ಗ್ರಾಂ ಮಣ್ಣಿಗೆ 25 ಮಿಲಿಲೀಟರ್ ದ್ರಾವಣ ಹಾಕಿ, ಐದು ನಿಮಿಷ ಕುಲುಕಿ, ಸೋಸಿ, ಫ್ಲೇಮ್ ಫೋಟೋಮೀಟರ್‌ನಲ್ಲಿ ಓದುತ್ತಾರೆ. ಅಮೋನಿಯಂ ಅಯಾನು ಪೊಟ್ಯಾಸಿಯಂ ಅನ್ನು ಅದರ ಸ್ಥಾನದಿಂದ ಎಬ್ಬಿಸಿ ಹೊರತರುತ್ತದೆ ಎಂಬುದು ಇದರ ತತ್ವ. ತೊಂದರೆ ಇರುವುದು ಅಮೋನಿಯಂನ ಗಾತ್ರದಲ್ಲಿ. ಅದರ ತ್ರಿಜ್ಯ 0.143 ನ್ಯಾನೋಮೀಟರ್, ಪೊಟ್ಯಾಸಿಯಂಗೆ ತೀರ ಹತ್ತಿರ. ಹೊರಮೈಯಲ್ಲಿರುವ ಪೊಟ್ಯಾಸಿಯಂ ಅನ್ನು ಅದು ಚೆನ್ನಾಗಿಯೇ ಎಬ್ಬಿಸುತ್ತದೆ. ಪದರಗಳ ಅಂಚಿಗೆ ಬಂದಾಗ ಮಾತ್ರ ತಾನೇ ಕುಳಿಯಲ್ಲಿ ಕೂತು ಬಾಗಿಲು ಮುಚ್ಚಿಬಿಡುತ್ತದೆ. ಒಳಗಿದ್ದ ಪೊಟ್ಯಾಸಿಯಂ ಅಲ್ಲೇ ಉಳಿಯುತ್ತದೆ. ಅಂದರೆ ಈ ಪರೀಕ್ಷೆ ಹೊರಗೆ ಕೂತಿರುವುದನ್ನು ಎಣಿಸುತ್ತದೆಯೇ ಹೊರತು, ಒಳಗೆ ಎಷ್ಟಿದೆ, ಅದು ಎಷ್ಟು ಬೇಗ ಹೊರಬರುತ್ತದೆ, ಹೊಸದಾಗಿ ಹಾಕಿದ್ದರಲ್ಲಿ ಎಷ್ಟು ಒಳಗೆ ಹೋಗುತ್ತದೆ ಎಂಬ ಮೂರರಲ್ಲಿ ಒಂದನ್ನೂ ಹೇಳುವುದಿಲ್ಲ.

ಇದರಿಂದಾಗಿ ಪರೀಕ್ಷೆ ಎರಡೂ ದಿಕ್ಕಿಗೆ ದಾರಿ ತಪ್ಪಿಸುತ್ತದೆ. ಗಂಗಾ ಬಯಲಿನ ಅಭ್ರಕ ಹೇರಳವಾಗಿರುವ ಮಣ್ಣುಗಳಲ್ಲಿ ವರದಿ ಸಾಧಾರಣ ಅಂಕಿ ತೋರಿಸಿದರೂ ವರ್ಷ ವರ್ಷ ಗೋಧಿ-ಭತ್ತ ಬೆಳೆದಿದ್ದಾರೆ, ಏಕೆಂದರೆ ಬೇರು ಹೀರಿದಂತೆಲ್ಲ ಪದರಗಳೊಳಗಿನ ಸಂಗ್ರಹ ನಿಧಾನವಾಗಿ ಹೊರಬರುತ್ತದೆ. ಸ್ಥಿರೀಕರಣವಾದದ್ದು ಕಳೆದುಹೋದದ್ದಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ನಿಮ್ಮಂಥವರ ಹೊಲದಲ್ಲಿ ತಪ್ಪುವುದು ಇನ್ನೊಂದು ದಿಕ್ಕಿಗೆ. ಜೋಳ, ಕಡಲೆ ಬೆಳೆದಾಗ ಆ ನಿಧಾನದ ಪೂರೈಕೆ ಸಾಲುತ್ತದೆ. ಈಗಿನ ಹತ್ತಿ ತಳಿಗಳು ಹತ್ತಾರು ಕಾಯಿಗಳನ್ನು ಒಂದೇ ಅವಧಿಯಲ್ಲಿ ಹೊರುತ್ತವೆ, ಕಾಯಿ ಪೊಟ್ಯಾಸಿಯಂನ ದೊಡ್ಡ ಗಿರಾಕಿ. ಆ ಕೆಲವು ವಾರಗಳಲ್ಲಿ ಬೇಡಿಕೆ ಏರಿದ ವೇಗಕ್ಕೆ ಎರೆಯ ಪೂರೈಕೆ ಏರುವುದಿಲ್ಲ.

ಈ ಸಮಸ್ಯೆಯನ್ನು ಹತ್ತಿಯಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಬಿಡಿಸಿ ತೋರಿಸಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ. 1980ರ ದಶಕದಲ್ಲಿ ಅಲ್ಲಿನ ಪೂರ್ವ ಭಾಗದ ಹೊಲಗಳಲ್ಲಿ ಹತ್ತಿಯ ಮೇಲಿನ ಎಲೆಗಳು ಕಂಚಿನ ಬಣ್ಣಕ್ಕೆ ತಿರುಗಿ ಬೆಳೆ ಅಕಾಲದಲ್ಲಿ ನಿಂತುಬಿಡುತ್ತಿತ್ತು. ಸಿಯೆರಾ ನೆವಾಡಾ ಬೆಟ್ಟಗಳ ಗ್ರಾನೈಟ್‌ನಿಂದ ಹರಿದು ಬಂದ ಮೆಕ್ಕಲು ಅದು, ಅದರ ಅಭ್ರಕ ಶಿಥಿಲವಾಗಿ ವರ್ಮಿಕ್ಯುಲೈಟ್ ಆಗಿತ್ತು. ಕೆನೆತ್ ಕ್ಯಾಸ್‌ಮನ್ ಮತ್ತು ಸಹೋದ್ಯೋಗಿಗಳು ಪೊಟ್ಯಾಸಿಯಂ ಪ್ರಮಾಣವನ್ನು ಹೆಕ್ಟೇರಿಗೆ ನೂರಾರು ಕೆ.ಜಿ.ವರೆಗೆ ಏರಿಸಿ ಪ್ರಯೋಗ ಮಾಡಿದರು. ಅಂಥ ಮಣ್ಣಿನಲ್ಲಿ ಸಣ್ಣ ಪ್ರಮಾಣ ಮಣ್ಣಿನೊಳಗೇ ಅಡಗಿಹೋಗುತ್ತದೆ, ಹಿಡಿಯುವ ಸ್ಥಾನಗಳು ಒಂದು ಮಟ್ಟಿಗೆ ತುಂಬಿದ ಮೇಲಷ್ಟೇ ಬೆಳೆಗೆ ಧಾರಾಳವಾಗಿ ಸಿಗುತ್ತದೆ. ಮುಂದೆ ಅದೇ ರಾಜ್ಯದ ದ್ರಾಕ್ಷಿ ತೋಟಗಳ ಮಣ್ಣನ್ನು ಪರೀಕ್ಷಿಸಿದಾಗ ಹಿಡಿಯುವ ವರ್ಮಿಕ್ಯುಲೈಟ್ ಜೇಡಿಯ ಕಣಗಳಲ್ಲಿ ಮಾತ್ರವಲ್ಲ, ಗೋಡು ಮತ್ತು ನಯವಾದ ಮರಳಿನ ಕಣಗಳಲ್ಲೂ ಇದೆ ಎಂದು ಕಂಡುಬಂದಿತು. ಹಗುರ ಮಣ್ಣು ಪೊಟ್ಯಾಷ್ ಹಿಡಿಯುವುದಿಲ್ಲ ಎಂಬ ನಂಬಿಕೆಯನ್ನು ಇದು ಬುಡಮೇಲು ಮಾಡಿತು.

ಪರೀಕ್ಷೆಯಲ್ಲಿ ಇನ್ನೊಂದು ತೊಡಕಿದೆ, ಅದು ಮಾದರಿಯನ್ನು ಒಣಗಿಸುವುದರಲ್ಲಿ. ಮಣ್ಣನ್ನು ಒಣಗಿಸಿ ಪುಡಿಮಾಡಿದ ಮೇಲೆಯೇ ನಮ್ಮಲ್ಲಿ ಎಲ್ಲರೂ ಪರೀಕ್ಷಿಸುತ್ತಾರೆ. ಪೊಟ್ಯಾಸಿಯಂ ಕಡಿಮೆ ಇರುವ ಇಲ್ಲೈಟ್ ಮಣ್ಣು ಒಣಗಿದಾಗ ಪದರಗಳ ಅಂಚು ಬಿಚ್ಚಿಕೊಂಡು ಒಳಗಿನದು ಸ್ವಲ್ಪ ಹೊರಬೀಳುತ್ತದೆ, ಅಂಕಿ ಏರುತ್ತದೆ. ಹೊಸದಾಗಿ ಗೊಬ್ಬರ ಕಂಡು ಪೊಟ್ಯಾಸಿಯಂ ಹೆಚ್ಚಿರುವ ಮಣ್ಣು ಒಣಗಿದಾಗ ಹೊರಗಿದ್ದದ್ದು ಒಳಗೆ ಸಿಕ್ಕಿಕೊಳ್ಳುತ್ತದೆ, ಅಂಕಿ ಇಳಿಯುತ್ತದೆ. ಹೀಗೆ ಒಣಗಿಸುವಿಕೆ ನಿಜವಾದ ವ್ಯತ್ಯಾಸಗಳನ್ನು ಎರಡೂ ಕಡೆಯಿಂದ ಸವೆಸಿಬಿಡುತ್ತದೆ. ಅಮೆರಿಕದ ಅಯೋವಾದಲ್ಲಿ ಈ ಕಾರಣಕ್ಕೇ 1980ರ ದಶಕದ ಕೊನೆಯವರೆಗೆ ಹಸಿ ಮಣ್ಣನ್ನೇ ಪರೀಕ್ಷಿಸುತ್ತಿದ್ದರು. ಕೆಲಸ ತೊಡಕೆಂದು ಬಿಟ್ಟು, 2010ರ ದಶಕದಲ್ಲಿ ಮತ್ತೆ ಅದಕ್ಕೇ ಮರಳಿದರು. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲದಿರುವುದರಿಂದ ನೀವು ಮಾಡಬಹುದಾದದ್ದು ಒಂದೇ: ಪ್ರತಿ ವರ್ಷ ಒಂದೇ ಕಾಲದಲ್ಲಿ ಮಾದರಿ ತೆಗೆಯಿರಿ, ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಹಾಕಬೇಡಿ. ಏಪ್ರಿಲ್‌ನ ಮಾದರಿಯನ್ನು ಸೆಪ್ಟೆಂಬರ್‌ನದರ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಈಗ ನಿಮ್ಮ ಎಂಒಪಿ ಲೆಕ್ಕ. ಎಕರೆಗೆ 40 ಕೆ.ಜಿ. ಅಂದರೆ ಹೆಕ್ಟೇರಿಗೆ ಸುಮಾರು 100 ಕೆ.ಜಿ., ಅದರಲ್ಲಿ ನೂರಕ್ಕೆ 60 ಪೊಟ್ಯಾಷ್. ಹೆಕ್ಟೇರಿಗೆ ಬಿದ್ದದ್ದು 60 ಕೆ.ಜಿ. ಎಲ್ಲವೂ ಹೊರಗೇ ಉಳಿದು, ಬೆಳೆ ಏನೂ ಒಯ್ಯದಿದ್ದರೆ ಅಂಕಿ 490 ಆಗಬೇಕಿತ್ತು. ಆಗಲಿಲ್ಲ ಎಂದ ಮಾತ್ರಕ್ಕೆ ಮಣ್ಣು ನುಂಗಿತು ಎಂದು ತೀರ್ಮಾನಿಸಬೇಡಿ. ಬೆಳೆ ಹೀರಿಕೊಂಡದ್ದರಲ್ಲಿ ದೊಡ್ಡ ಪಾಲು ಎಲೆ, ಕಾಂಡ, ಕಾಯಿಯ ಸಿಪ್ಪೆಗಳಲ್ಲಿರುತ್ತದೆ. ಹತ್ತಿ ಕಟ್ಟಿಗೆಯನ್ನು ಕಿತ್ತು ಮನೆಗೆ ತಂದರೆ ಪೊಟ್ಯಾಷ್ ಅದರ ಜೊತೆಗೇ ಬರುತ್ತದೆ. ಜೊತೆಗೆ ಒಂದೇ ಹೊಲದಿಂದ ಒಂದೇ ದಿನ ತೆಗೆದ ಎರಡು ಮಾದರಿಗಳ ನಡುವೆಯೂ ಇಷ್ಟು ವ್ಯತ್ಯಾಸ ಬರುವುದುಂಟು. ಸ್ಥಿರೀಕರಣ ಇದೆಯೇ ಎಂದು ತಿಳಿಯಲು ಅದನ್ನೇ ಅಳೆಯಬೇಕು.

ಅಳೆಯುವುದು ಕಷ್ಟವಲ್ಲ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ಕೃಷಿ ಕಾಲೇಜಿನ ಮಣ್ಣು ವಿಭಾಗದಲ್ಲಿ ಹೀಗೆ ಮಾಡಿಕೊಡಿ ಎಂದು ಕೇಳಿ. 0.381 ಗ್ರಾಂ ಶುದ್ಧ ಪೊಟ್ಯಾಸಿಯಂ ಕ್ಲೋರೈಡನ್ನು ಒಂದು ಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದರೆ ಪ್ರತಿ ಲೀಟರಿಗೆ 200 ಮಿಲಿಗ್ರಾಂ ಪೊಟ್ಯಾಸಿಯಂ ಇರುವ ದ್ರಾವಣವಾಗುತ್ತದೆ. ನಿಮ್ಮ ಎರೆ ಮಣ್ಣನ್ನು ಹತ್ತು ಹತ್ತು ಗ್ರಾಂನಂತೆ ಎರಡು ಬೀಕರ್‌ಗಳಲ್ಲಿ ತೂಗಿ, ಒಂದಕ್ಕೆ ಈ ದ್ರಾವಣ 10 ಮಿಲಿಲೀಟರ್, ಇನ್ನೊಂದಕ್ಕೆ ಬರಿ ನೀರು 10 ಮಿಲಿಲೀಟರ್ ಹಾಕಬೇಕು. ಮೊದಲನೆಯದಕ್ಕೆ ಕೆ.ಜಿ. ಮಣ್ಣಿಗೆ 200 ಮಿಲಿಗ್ರಾಂ ಲೆಕ್ಕದಲ್ಲಿ ಪೊಟ್ಯಾಸಿಯಂ ಸೇರಿದಂತಾಯಿತು. ನೆರಳಿನಲ್ಲಿ ಒಣಗಲು ಬಿಟ್ಟು, ಬರಿ ನೀರಿನಿಂದ ಮತ್ತೆ ನೆನೆಸಿ, ಹೀಗೆ ಮೂರು ಸಲ ನೆನೆಸಿ ಒಣಗಿಸಿದ ಮೇಲೆ ಎರಡನ್ನೂ ಎಂದಿನಂತೆ 50 ಮಿಲಿಲೀಟರ್ ಅಮೋನಿಯಂ ಅಸಿಟೇಟ್‌ನಿಂದ ಪರೀಕ್ಷಿಸಬೇಕು. ನೀರು ಹಾಕಿದ್ದು 160 ತೋರಿಸಿತು ಎಂದುಕೊಳ್ಳಿ. ದ್ರಾವಣ ಹಾಕಿದ್ದು 360ರ ಆಸುಪಾಸಿನಲ್ಲಿದ್ದರೆ ನಿಮ್ಮ ಮಣ್ಣು ಹಿಡಿಯುತ್ತಿಲ್ಲ, ಬೇರೆ ಕಾರಣ ಹುಡುಕಬೇಕು. ಅದು 270 ತೋರಿಸಿದರೆ 90 ಒಳಗೆ ಹೋಗಿದೆ, ಅಂದರೆ ಹಾಕಿದ್ದರಲ್ಲಿ ನೂರಕ್ಕೆ 45. ಮೇಲಿನ 15 ಸೆಂಟಿಮೀಟರ್ ಮಣ್ಣಿನ ಜೊತೆ 15ರಿಂದ 45 ಸೆಂಟಿಮೀಟರ್ ಆಳದ ಮಣ್ಣನ್ನೂ ಹೀಗೇ ಮಾಡಿಸಿ. ಮಳೆ ಕೈಕೊಟ್ಟು ಮೇಲ್ಮಣ್ಣು ಒಣಗಿದಾಗ ಹತ್ತಿ ಕುಡಿಯುವುದೂ ಉಣ್ಣುವುದೂ ಆ ಕೆಳಗಿನ ಮಣ್ಣಿನಿಂದ. ಅಲ್ಲಿ ಲಭ್ಯ ಪೊಟ್ಯಾಸಿಯಂ ಕಡಿಮೆಯೂ ಹಿಡಿತ ಹೆಚ್ಚೂ ಇರುವುದು ಸಾಮಾನ್ಯ, ನಿಮ್ಮ 430ಕ್ಕೆ ಅದರ ಸುಳಿವೇ ಇಲ್ಲ.

ಇದಕ್ಕೂ ಮೊದಲು ಎಲೆಯ ಲಕ್ಷಣವನ್ನು ಗಟ್ಟಿಮಾಡಿಕೊಳ್ಳಬೇಕು, ಏಕೆಂದರೆ ನಿಮ್ಮ ಕಡೆ ಹತ್ತಿ ಎಲೆ ಕೆಂಪಾಗುವ ತೊಂದರೆಯಲ್ಲಿ ಮೆಗ್ನೀಸಿಯಂ ಕೊರತೆಯ ಪಾಲು ದೊಡ್ಡದು. ಮೆಗ್ನೀಸಿಯಂ ಕೊರತೆ ಕೆಳಗಿನ ಎಲೆಗಳಿಂದ ಶುರುವಾಗುತ್ತದೆ, ನರಗಳು ಹಸಿರಾಗಿ ಉಳಿದು ನಡುವಿನ ಭಾಗ ನೇರಳೆಗೆಂಪಾಗುತ್ತದೆ. ಪೊಟ್ಯಾಸಿಯಂ ಕೊರತೆಯಲ್ಲಿ ಮೊದಲು ಅಂಚು ಹಳದಿಯಾಗಿ, ಕಂಚಿನ ಬಣ್ಣಕ್ಕೆ ತಿರುಗಿ, ಕೆಳಮುಖವಾಗಿ ಮುರುಟಿ ಒಣಗುತ್ತದೆ. ಕಾಯಿ ಭಾರ ಹೆಚ್ಚಿದ್ದಾಗ ಇದು ಮೇಲ್ಭಾಗದ ಎಲೆಗಳಲ್ಲೇ ಕಾಣಿಸುವುದರಿಂದ ಅನೇಕರು ರೋಗವೆಂದು ಭಾವಿಸಿ ಔಷಧಿ ಹೊಡೆಯುತ್ತಾರೆ. ಅನುಮಾನವಿದ್ದರೆ ಹೂ ಬಿಡುವ ಹಂತದಲ್ಲಿ ಬಾಡಿದ ಗಿಡಗಳಿಂದಲೂ ಚೆನ್ನಾಗಿರುವ ಗಿಡಗಳಿಂದಲೂ ಎಲೆತೊಟ್ಟುಗಳನ್ನು ಬೇರೆ ಬೇರೆಯಾಗಿ ಸಂಗ್ರಹಿಸಿ ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡನ್ನೂ ಪರೀಕ್ಷಿಸಿ. ಎರೆಗೆ ಒಂದು, ಮಸಾರಿಗೆ ಒಂದು ಎಂದು ಕಳಿಸಿದರೂ ಹೋಲಿಕೆ ಚೆನ್ನಾಗಿ ಸಿಗುತ್ತದೆ.

ಹಿಡಿತ ಇದೆ ಎಂದು ಖಚಿತವಾದರೆ ಗೊಬ್ಬರ ಕೊಡುವ ಬಗೆ ಬದಲಾಗಬೇಕು. ಎರಚಿ ಕುಂಟೆ ಹೊಡೆದರೆ ಗೊಬ್ಬರದ ಪ್ರತಿ ಕಣವೂ ಹಿಡಿಯುವ ಜೇಡಿಯ ಮಧ್ಯೆ ಹಂಚಿಹೋಗುತ್ತದೆ, ಮಣ್ಣಿಗೆ ಇದಕ್ಕಿಂತ ಅನುಕೂಲವಿಲ್ಲ. ಅದೇ ಗೊಬ್ಬರವನ್ನು ಸಾಲಿನ ಪಕ್ಕ ಎಂಟು-ಹತ್ತು ಸೆಂಟಿಮೀಟರ್ ಆಳದಲ್ಲಿ ಪಟ್ಟಿಯಾಗಿ ಬೀಳಿಸಿದರೆ ಆ ಕಿರಿದಾದ ಜಾಗದ ಸ್ಥಾನಗಳು ಬೇಗ ತುಂಬಿ ಉಳಿದದ್ದು ಬೇರಿಗೆ ಸಿಗುತ್ತದೆ. ಬೀಜದ ಸಾಲಿಗೆ ತಾಗಿಸಬೇಡಿ, ಎಂಒಪಿಯ ಲವಣ ಮೊಳಕೆಯನ್ನು ಸುಡುತ್ತದೆ. ಅರ್ಧವನ್ನು ಬಿತ್ತನೆಯಲ್ಲಿ, ಉಳಿದರ್ಧವನ್ನು ಮೊಗ್ಗು ಬರುವಾಗ ಎಡೆ ಹೊಡೆಯುವ ಮುಂಚೆ ಹಸಿಯಿದ್ದಾಗ ಕೊಡಿ. ಕಾಯಿ ಕಟ್ಟುವಾಗ ನೂರಕ್ಕೆ ಎರಡರ ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಣೆ ನೆರವಾಗುತ್ತದೆ. ಆದರೆ ಲೆಕ್ಕ ನೋಡಿ: ಎಕರೆಗೆ 200 ಲೀಟರ್ ನೀರಿನಲ್ಲಿ 4 ಕೆ.ಜಿ. ಹಾಕಿದರೆ ಸಿಗುವ ಪೊಟ್ಯಾಷ್ 1.8 ಕೆ.ಜಿ. ಮಾತ್ರ. ಇದು ಕಷ್ಟದ ವಾರಗಳನ್ನು ದಾಟಿಸುವ ಉಪಾಯ, ಮಣ್ಣಿಗೆ ಕೊಡುವುದಕ್ಕೆ ಬದಲಿಯಲ್ಲ. ಹತ್ತಿ ಕಟ್ಟಿಗೆಯನ್ನು ಪುಡಿಮಾಡಿ ಹೊಲದಲ್ಲೇ ಬಿಡುವುದು ಇವೆಲ್ಲಕ್ಕಿಂತ ಅಗ್ಗ. ಗುಲಾಬಿ ಕಾಯಿಕೊರಕದ ಭಯವಿರುವುದರಿಂದ ಕಟ್ಟಿಗೆಯನ್ನು ಬಣವೆ ಒಟ್ಟದೆ ಬೇಗನೆ ಪುಡಿಮಾಡಬೇಕು.

ಅಂಗಡಿಯವರ ಮಾತಿನಂತೆ ಇಡೀ ಹೊಲಕ್ಕೆ ಇಮ್ಮಡಿ ಹಾಕಲು ಈಗಲೇ ಹಣ ಸುರಿಯಬೇಡಿ. ಕ್ಯಾಲಿಫೋರ್ನಿಯಾದ ದೊಡ್ಡ ಪ್ರಮಾಣಗಳು ಅಲ್ಲಿನ ಮಣ್ಣಿಗೆ, ನೀರಾವರಿಗೆ, ಅಲ್ಲಿನ ಇಳುವರಿಗೆ ಸಂಬಂಧಿಸಿದವು. ಮುಂಗಾರಿನಲ್ಲಿ ಎರೆ ಹೊಲದಲ್ಲಿ ಹೊಲದುದ್ದಕ್ಕೂ ಮೂರು ಬಗೆಯ ಪಟ್ಟೆಗಳನ್ನು ಮಾಡಿ: ಒಂದಕ್ಕೆ ಪೊಟ್ಯಾಷ್ ಇಲ್ಲ, ಒಂದಕ್ಕೆ ಎಕರೆಗೆ 40 ಕೆ.ಜಿ. ಎಂಒಪಿ ಎರಚಿದ್ದು, ಒಂದಕ್ಕೆ ಅದೇ 40 ಕೆ.ಜಿ. ಸಾಲಿನ ಪಕ್ಕ ಎರಡು ಕಂತಿನಲ್ಲಿ. ಜಾಗವಿದ್ದರೆ ಪ್ರತಿಯೊಂದನ್ನೂ ಮೂರು ಸಲ, ಕ್ರಮ ಬದಲಿಸಿ ಹಾಕಿ. ಬಿಡಿಸಿದ ಹತ್ತಿಯನ್ನು ಪಟ್ಟೆವಾರು ತೂಗಿ ಬರೆದಿಡಿ. ಸಾಲಿನ ಪಕ್ಕ ಕೊಟ್ಟಲ್ಲಿ ಇಳುವರಿ ಏರಿ, ಎರಚಿದಲ್ಲಿ ಏರದಿದ್ದರೆ ನಿಮಗೆ ಬೇಕಿರುವುದು ಹೆಚ್ಚು ಗೊಬ್ಬರವಲ್ಲ, ಬೇರೆ ಜಾಗದಲ್ಲಿ ಗೊಬ್ಬರ. ಮೂರರಲ್ಲೂ ವ್ಯತ್ಯಾಸ ಕಾಣದಿದ್ದರೆ ವರದಿಯ ‘ಹೆಚ್ಚು’ ನಿಮ್ಮ ಹೊಲಕ್ಕೆ ಸರಿಯಾಗಿದೆ, ಮೆಗ್ನೀಸಿಯಂ ಕಡೆ ತಿರುಗಿ.

ಮಸಾರಿಯ ಬಗ್ಗೆ ಒಂದು ಮಾತು. ಅಲ್ಲಿ 190 ಎಂಬ ಅಂಕಿ ನಂಬಬಹುದಾದದ್ದು, ಏಕೆಂದರೆ ಕೆಯೊಲಿನೈಟ್ ಬಚ್ಚಿಡುವುದಿಲ್ಲ. ಹಿಂದೆ ಸಂಗ್ರಹವೂ ಹೆಚ್ಚಿಲ್ಲ ಎಂಬುದು ಇದೇ ಸಂಗತಿಯ ಇನ್ನೊಂದು ಮುಖ. ಇವತ್ತು ಎಲೆ ಹಸಿರಾಗಿದೆ ಎಂದು ಅಲ್ಲಿ ಪೊಟ್ಯಾಷ್ ನಿಲ್ಲಿಸಿದರೆ ಕೆಲವೇ ಬೆಳೆಗಳಲ್ಲಿ ಅಂಕಿ ಜಾರುತ್ತದೆ. ಬೆಳೆ ಒಯ್ದಷ್ಟನ್ನು ಅಲ್ಲಿಗೆ ಪ್ರತಿ ವರ್ಷ ಹಿಂದಿರುಗಿಸಿ, ಮಳೆಗೆ ಇಳಿದುಹೋಗದಂತೆ ಕಂತಿನಲ್ಲಿ ಕೊಡಿ, ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.